ರೌಟರ್ ಅಂದು ನಿಂತು ‘ನ’ ಅಂದ ಯಂತ್ರ: ಎಐ ದನಿಗೆ ಕಂಗ್ಲಿಷ್ ಓದಿಸುವುದು ಹೇಗೆ

ಮನೆಯ ವೈಫೈ ಹೆಸರು ಮತ್ತು ಭದ್ರತೆಯ ಆಯ್ಕೆ ಬದಲಿಸುವುದು ಹೇಗೆ ಅಂತ ತೋರಿಸುವ ಮೂರು ನಿಮಿಷದ ವಿಡಿಯೋ. ಓದುವುದು ಎಐ ದನಿ. ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನದು. ದಿನಾ ಮೆಸೇಜಿನಲ್ಲಿ ಬರೆಯುವ ಹಾಗೇ ಬರೆದು ಯಂತ್ರಕ್ಕೆ ಕೊಟ್ಟೆ:

```
Routerನ settingsಗೆ ಹೋಗಲು browserನಲ್ಲಿ 192.168.1.1 type ಮಾಡಿ.
ಅಲ್ಲಿ 2.4GHz ಮತ್ತು 5GHz ಎಂಬ 2 bandಗಳು ಕಾಣಿಸುತ್ತವೆ.
2ನೇ bandನ SSID ಬದಲಿಸಿ, WPA3 select ಮಾಡಿ, Save click ಮಾಡಿ.
10-15 ಸೆಕೆಂಡಿನಲ್ಲಿ router restart ಆಗುತ್ತದೆ.
```

ಕಣ್ಣಿನಿಂದ ಓದಿದರೆ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ದನಿ ಬಂದಾಗ ಕೇಳಲು ಆಗಲಿಲ್ಲ. ‘ರೌಟರ್’ ಅಂದು ಒಂದು ಕ್ಷಣ ನಿಂತು, ಆಮೇಲೆ ‘ನ’ ಅಂತ ಒಂಟಿಯಾಗಿ ಅಂದಿತು. 192.168.1.1 ಅನ್ನು ‘ನೂರ ತೊಂಬತ್ತೆರಡು ಪಾಯಿಂಟ್ ನೂರ ಅರವತ್ತೆಂಟು’ ಅಂತ ಶುರು ಮಾಡಿ, ಕೊನೆಯ ಎರಡು ಚುಕ್ಕಿಗಳನ್ನು ನುಂಗಿಬಿಟ್ಟಿತು. GHz ಅನ್ನುವುದು ‘ಜಿ ಎಚ್ ಝಡ್’ ಆಯಿತು. ‘2ನೇ’ ಅನ್ನುವುದು ‘ಎರಡುನೇ’ ಆಯಿತು. 10-15ರ ನಡುವಿನ ಗೆರೆಯನ್ನು ‘ಮೈನಸ್’ ಅಂತ ಓದಿತು.

ಒಂದೊಂದಾಗಿ ಸರಿ ಮಾಡುತ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯಿತು. ಇಂಗ್ಲಿಷ್ ಪದಗಳನ್ನು ಯಂತ್ರ ಅಷ್ಟೇನೂ ತಪ್ಪಾಗಿ ಓದುತ್ತಿರಲಿಲ್ಲ. ಕನ್ನಡ ಪದಗಳನ್ನೂ ಚೆನ್ನಾಗಿಯೇ ಓದುತ್ತಿತ್ತು. ಎಡವುತ್ತಿದ್ದದ್ದು ಇವೆರಡೂ ಸೇರುವ ಬೆಸುಗೆಯಲ್ಲಿ. ಇಂಗ್ಲಿಷ್ ಪದವೋ ಅಂಕಿಯೋ ಮುಗಿದು, ಅದಕ್ಕೆ ನಮ್ಮ ‘ಗೆ’, ‘ನಲ್ಲಿ’, ‘ಅನ್ನು’, ‘ನೇ’ ಅಂಟಿಕೊಳ್ಳುವ ಜಾಗ ಅದು. ಕನ್ನಡದಲ್ಲಿ ಈ ಬೆಸುಗೆ ಪ್ರತಿ ವಾಕ್ಯದಲ್ಲೂ ಎರಡು ಮೂರು ಸಲ ಬರುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಬೆಸುಗೆಯಲ್ಲಿ ಏನಾಗುತ್ತದೆ

ಬರಹವನ್ನು ದನಿ ಮಾಡುವ ಯಂತ್ರ ಮೊದಲು ಬರಹವನ್ನು ಬಿಡಿಸುತ್ತದೆ. ಅಂಕಿ, ಚಿಹ್ನೆ, ಮೊಟಕು ಪದಗಳನ್ನೆಲ್ಲ ಬಾಯಲ್ಲಿ ಹೇಳುವ ಪದಗಳಾಗಿ ಬದಲಿಸುತ್ತದೆ. ಆಮೇಲೆ ಪ್ರತಿ ಪದಕ್ಕೂ ಉಚ್ಚಾರ ಹುಡುಕುತ್ತದೆ. ಕೊನೆಗೆ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಅಂತ ತೀರ್ಮಾನಿಸುತ್ತದೆ. ಹೊಸ ಯಂತ್ರಗಳಲ್ಲಿ ಇದೆಲ್ಲ ಬೇರೆ ಬೇರೆ ಹಂತವಾಗಿ ಕಾಣದೇ ಇರಬಹುದು. ಆದರೂ ಎಡವುವ ಜಾಗಗಳು ಹೆಚ್ಚು ಕಡಿಮೆ ಅವೇ.

‘browserನಲ್ಲಿ’ ಅಂತ ಬರೆದಾಗ ಒಂದೇ ಪದದೊಳಗೆ ಎರಡು ಲಿಪಿ ಇದೆ. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಯಂತ್ರ ಇಂಗ್ಲಿಷ್ ಓದುವ ದಾರಿ ಹಿಡಿಯುತ್ತದೆ. ‘ನಲ್ಲಿ’ ಕಂಡಾಗ ಮತ್ತೆ ಕನ್ನಡದ ದಾರಿಗೆ ಬರುತ್ತದೆ. ದಾರಿ ಬದಲಿಸುವ ಆ ಚೂರು ಹೊತ್ತು ನಮ್ಮ ಕಿವಿಗೆ ತಡವರಿಕೆಯಾಗಿ ಕೇಳುತ್ತದೆ. ‘ನಲ್ಲಿ’ ಬೇರೆ ಪದದ ಹಾಗೆ, ಒತ್ತು ಕೊಟ್ಟು ಬರುತ್ತದೆ. ನೀರಿನ ನಲ್ಲಿ ಅಂದ ಹಾಗೆ!

ಇದಕ್ಕೆ ನಾನು ಮೊದಲು ಮಾಡುವ ಕೆಲಸ, ಪದವನ್ನು ಪೂರ್ತಿ ಕನ್ನಡ ಲಿಪಿಯಲ್ಲಿ ಬರೆಯುವುದು. ಆದರೆ ಅಷ್ಟೇ ಸಾಲದು. ‘ಬ್ರೌಸರ್‌ನಲ್ಲಿ’ ಅಂತ ಬರೆದರೆ ‘ರ್’ ಮತ್ತು ‘ನ’ ಡಿಕ್ಕಿ ಹೊಡೆಯುತ್ತವೆ. ‘ಬ್ರೌಸರಿನಲ್ಲಿ’ ಅಂತ ಬರೆದು ನೋಡಿ. ಬ್ರೌ, ಸ, ರಿ, ನ, ಲ್ಲಿ. ಪ್ರತಿ ಅಕ್ಷರಕ್ಕೂ ಸ್ವರದ ಆಸರೆ ಇದೆ. ನಮ್ಮ ಹಿರಿಯರು ‘ಬಸ್ಸಿನಲ್ಲಿ’, ‘ಬ್ಯಾಂಕಿಗೆ’, ‘ಪೋಸ್ಟಿನಿಂದ’ ಅಂತ ಇಂಗ್ಲಿಷ್ ಪದಗಳನ್ನು ಒಳಗೆ ಸೇರಿಸಿಕೊಂಡದ್ದು ಹೀಗೆಯೇ. ಕನ್ನಡದ ದನಿ ಕಲಿತ ಯಂತ್ರಕ್ಕೂ ಈ ರೂಪವೇ ಸಲೀಸು. ಹಾಗಾಗಿ ರೌಟರಿಗೆ, ಫೈಲಿನ, ಸರ್ವರಿನಿಂದ, ಫೋನಿನಲ್ಲಿ. ಸ್ವರದಲ್ಲಿ ಮುಗಿಯುವ ಪದಕ್ಕೆ ಈ ತೊಂದರೆ ಇಲ್ಲ. ವೈಫೈಗೆ, ಡೇಟಾದಲ್ಲಿ ಅಂತ ನೇರವಾಗಿ ಬರೆದರಾಯಿತು.

ಕೆಲವು ಪದಗಳು ಇದಕ್ಕೂ ಬಗ್ಗುವುದಿಲ್ಲ. ‘ಎಸ್‌ಎಸ್‌ಐಡಿಯನ್ನು’, ‘ಡಬ್ಲ್ಯೂಪಿಎತ್ರೀಯನ್ನು’ ಅಂತ ನಾವು ಓದಿದರೂ ನಾಲಿಗೆ ತೊಡರುತ್ತದೆ. ಅಲ್ಲಿ ಪ್ರತ್ಯಯವನ್ನು ಇಂಗ್ಲಿಷ್ ಪದದ ಮೇಲೆ ಹೇರುವುದೇ ಬೇಡ. ಪಕ್ಕದಲ್ಲಿ ಒಂದು ಕನ್ನಡ ಪದ ನಿಲ್ಲಿಸಿ, ಅದಕ್ಕೆ ಹೇರಿ. ‘ಎಸ್ಸೆಸ್ಸೈಡಿ ಅನ್ನುವ ಹೆಸರನ್ನು ಬದಲಿಸಿ’. ‘ಡಬ್ಲ್ಯೂ ಪೀ ಏ ತ್ರೀ ಆಯ್ಕೆಯನ್ನು ಆರಿಸಿ’. ‘ಸೇವ್ ಗುಂಡಿಯನ್ನು ಒತ್ತಿ’. ಹೆಸರು, ಆಯ್ಕೆ, ಗುಂಡಿ, ಪುಟ, ಜಾಗ. ಈ ಐದಾರು ಪದಗಳಿದ್ದರೆ ಬಹುಪಾಲು ಸ್ಕ್ರಿಪ್ಟ್ ದಾಟಬಹುದು. ಇದರಿಂದ ಇನ್ನೊಂದು ಲಾಭವೂ ಇದೆ. ಎಸ್ಸೆಸ್ಸೈಡಿ ಅಂದರೆ ವೈಫೈ ಹೆಸರು ಅಂತ ಗೊತ್ತಿಲ್ಲದವರಿಗೆ, ಪಕ್ಕದ ಪದದಿಂದಲೇ ಅದು ಏನು ಅಂತ ತಿಳಿಯುತ್ತದೆ.

ಪದ ಮತ್ತು ಪ್ರತ್ಯಯದ ನಡುವೆ ಜಾಗ ಬಿಟ್ಟರೆ ಸರಿಹೋಗುತ್ತದೆ ಅಂತ ತುಂಬಾ ಜನ ‘browser ನಲ್ಲಿ’ ಅಂತ ಬರೆಯುತ್ತಾರೆ. ಇದು ಇನ್ನೂ ಕೆಟ್ಟದ್ದು. ಜಾಗ ಬಿಟ್ಟರೆ ಅದು ಬೇರೆ ಪದ ಅಂತ ನಾವೇ ಯಂತ್ರಕ್ಕೆ ಹೇಳಿಕೊಟ್ಟಂತೆ.

ಅಂಕಿಗಳ ಬೆಸುಗೆಗೂ ಇದೇ ಮಾತು. ನಾವು ‘ಎರಡು’ ಮತ್ತು ‘ನೇ’ ಸೇರಿಸಿ ‘ಎರಡನೇ’ ಅನ್ನುತ್ತೇವೆ. ‘ಹತ್ತು’ ಹೋಗಿ ‘ಹತ್ತಕ್ಕೆ’, ‘ಐದು’ ಹೋಗಿ ‘ಐದರಲ್ಲಿ’ ಆಗುತ್ತದೆ. ಕೊನೆಯ ಉಕಾರ ಬಿದ್ದುಹೋಗುತ್ತದೆ. ಯಂತ್ರ ಮೊದಲು ‘2’ ಅನ್ನು ‘ಎರಡು’ ಅಂತ ಬಿಡಿಸಿ, ಆಮೇಲೆ ಪಕ್ಕದ ‘ನೇ’ ಅಂಟಿಸಿದರೆ ‘ಎರಡುನೇ’ ಆಗುತ್ತದೆ. ಸಣ್ಣ ಮಗು ಕೂಡ ಹಾಗೆ ಅನ್ನುವುದಿಲ್ಲ. ಹಾಗಾಗಿ ಪ್ರತ್ಯಯ ಅಂಟಿದ ಅಂಕಿ ಕಂಡರೆ ಸುಮ್ನೆ ಅಕ್ಷರದಲ್ಲೇ ಬರೆದುಬಿಡಿ. ‘10-15’ ಅನ್ನು ‘ಹತ್ತರಿಂದ ಹದಿನೈದು’ ಅಂತ ಬರೆದರೆ ಮೈನಸ್ ಕಾಟವೂ ಇರುವುದಿಲ್ಲ.

ಯಾವ ಅಂಕಿ ಕನ್ನಡದಲ್ಲಿ, ಯಾವುದು ಇಂಗ್ಲಿಷಿನಲ್ಲಿ

ಎಲ್ಲ ಅಂಕಿಯನ್ನೂ ಕನ್ನಡದಲ್ಲೇ ಓದಿಸಬೇಕು ಅಂತ ನನಗೂ ಆಸೆ ಇತ್ತು. ಆದರೆ ಕೇಳುವವರು ಆ ಅಂಕಿಯನ್ನು ಏನು ಮಾಡುತ್ತಾರೆ ಅನ್ನುವುದು ಮುಖ್ಯ. ಎಣಿಸುವ ಅಂಕಿ ಕನ್ನಡದಲ್ಲಿ ಇರಲಿ: ಎರಡು ಬ್ಯಾಂಡ್, ಹದಿನೈದು ಸೆಕೆಂಡು, ಮೂರು ಸಲ. ಬೆರಳಿನಿಂದ ಒತ್ತುವ ಅಂಕಿ ಒಂದೊಂದೇ ಆಗಿ ಇಂಗ್ಲಿಷಿನಲ್ಲಿ ಬರಲಿ: ಓಟಿಪಿ, ಪಿನ್, ಫೋನ್ ನಂಬರ್, ರೌಟರಿನ ವಿಳಾಸ. ನಮ್ಮಲ್ಲಿ ಫೋನ್ ನಂಬರ್ ಕೇಳಿದರೆ ಹೆಚ್ಚಿನವರು ‘ನೈನ್ ಎಯ್ಟ್ ಫೋರ್’ ಅಂತಲೇ ಹೇಳುತ್ತಾರೆ, ಅಲ್ವಾ? ‘ನೂರ ತೊಂಬತ್ತೆರಡು’ ಅಂತ ಕೇಳಿದವರು ಮೊದಲು ಅದನ್ನು ಮನಸ್ಸಿನಲ್ಲಿ 1, 9, 2 ಅಂತ ಒಡೆಯಬೇಕು, ಆಮೇಲೆ ಒತ್ತಬೇಕು. ಅಷ್ಟರಲ್ಲಿ ದನಿ ಮುಂದಕ್ಕೆ ಹೋಗಿರುತ್ತದೆ.

2.4GHz ವಿಷಯದಲ್ಲಿ ನಾನು ಎರಡು ಸಲ ಬದಲಿಸಿದೆ. ಮೊದಲು ‘ಒಂದು, ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್, ಇನ್ನೊಂದು, ಐದು ಗಿಗಾಹರ್ಟ್ಸ್’ ಅಂತ ಬರೆದೆ. ಬರಹದಲ್ಲಿ ಸರಿಯಾಗಿದೆ. ದನಿಯಲ್ಲಿ ‘ಒಂದು, ಎರಡು...’ ಅಂತ ಎಣಿಸಲು ಶುರು ಮಾಡಿದ ಹಾಗೆ ಕೇಳಿತು. ಕೊನೆಗೆ ‘ಮೊದಲನೆಯದು ಟೂ ಪಾಯಿಂಟ್ ಫೋರ್ ಗಿಗಾಹರ್ಟ್ಸ್’ ಅಂತ ಮಾಡಿದೆ. ಅದು ಬ್ಯಾಂಡಿನ ಹೆಸರಿದ್ದ ಹಾಗೆ. ಹೆಸರನ್ನು ಜನ ಹೇಗೆ ಹೇಳುತ್ತಾರೋ ಹಾಗೇ ಹೇಳುವುದು ಒಳ್ಳೆಯದು.

ಇಲ್ಲಿ ಅರ್ಥವೇ ಕೆಡುವ ಒಂದು ಅಪಾಯ ಇದೆ. ತುಂಬಾ ರೌಟರುಗಳಲ್ಲಿ ಎರಡನೇ ಬ್ಯಾಂಡಿನ ಹೆಸರಿನ ಕೊನೆಯಲ್ಲಿ `_5G` ಅಂತ ಇರುತ್ತದೆ. ಅದು 5 ಗಿಗಾಹರ್ಟ್ಸ್. ಮೊಬೈಲಿನ 5G ಅಂದರೆ ಐದನೇ ತಲೆಮಾರಿನ ನೆಟ್‌ವರ್ಕ್. ಎರಡಕ್ಕೂ ಸಂಬಂಧವೇ ಇಲ್ಲ. ಯಂತ್ರ ‘ಫೈವ್ ಜಿ’ ಅಂತ ಓದಿದರೆ ಕೇಳುವವರು ‘ನನ್ನ ಫೋನಿನಲ್ಲಿ ಫೈವ್ ಜಿ ಇಲ್ಲವಲ್ಲ’ ಅಂದುಕೊಂಡು ವಿಡಿಯೋ ಬಿಟ್ಟು ಹೋಗುತ್ತಾರೆ. ಅದಕ್ಕೆ ಆ ಜಾಗದಲ್ಲಿ ಯಾವಾಗಲೂ ‘ಗಿಗಾಹರ್ಟ್ಸ್’ ಅನ್ನುವ ಪೂರ್ತಿ ಪದವನ್ನೇ ಹೇಳಿಸುತ್ತೇನೆ.

ನಮ್ಮ ಲಿಪಿಯೇ ಮುಚ್ಚಿಡುವ ದನಿಗಳು

ಕನ್ನಡದಲ್ಲಿ ಬರೆದಂತೆ ಓದುತ್ತೇವೆ ಅನ್ನುವ ಮಾತಿದೆ. ಇಂಗ್ಲಿಷಿನಿಂದ ಬಂದ ಪದಗಳಲ್ಲಿ ಅದು ಪೂರ್ತಿ ನಿಜ ಅಲ್ಲ. ‘ವ್ಯಾಪಾರ’ ಮತ್ತು ‘ಬ್ಯಾಂಡ್’ ಎರಡರಲ್ಲೂ ಒಂದೇ ‘್ಯಾ’ ಇದೆ. ಮೊದಲನೆಯದರಲ್ಲಿ ಯಕಾರ ಸ್ಪಷ್ಟವಾಗಿ ಕೇಳುತ್ತದೆ. ಎರಡನೆಯದರಲ್ಲಿ ಯಕಾರವೇ ಇಲ್ಲ. ಅಲ್ಲಿರುವುದು ಎ ಮತ್ತು ಆ ನಡುವೆ ಬಾಯಿ ಅಗಲ ಮಾಡಿ ಹೇಳುವ ಇಂಗ್ಲಿಷ್ ಸ್ವರ. ‘ಫಲ’ ಮತ್ತು ‘ಫೈಲ್’ ಕೂಡ ಹೀಗೆ. ಒಂದರಲ್ಲಿ ಮಹಾಪ್ರಾಣ, ಇನ್ನೊಂದರಲ್ಲಿ ಕೆಳತುಟಿಗೆ ಹಲ್ಲು ತಾಗಿ ಬರುವ ದನಿ. ನಾವು ಪದ ಗೊತ್ತಿರುವುದರಿಂದ ತಪ್ಪದೆ ಓದುತ್ತೇವೆ. ಯಂತ್ರ ತಾನು ಕೇಳಿ ಕಲಿತ ಪದಗಳಲ್ಲಿ ಸರಿಯಾಗಿ ಓದುತ್ತದೆ. ‘ಬ್ಯಾಂಕ್’, ‘ಆಫೀಸ್’ ಸರಿಯಾಗಿ ಬರುತ್ತವೆ. ಅಪರೂಪದ ‘ಬ್ಯಾಂಡ್‌ವಿಡ್ತ್’, ‘ಲ್ಯಾಗ್’ ಬಂದಾಗ ‘ಬಿಯಾಂಡ್’, ‘ಲಿಯಾಗ್’ ಅನ್ನುವ ಹಾಗೆ ಕೇಳುತ್ತದೆ.

ಫಕಾರಕ್ಕೆ ಅಡಿಯಲ್ಲಿ ಎರಡು ಚುಕ್ಕಿ ಇಟ್ಟು ‘ಫ಼’ ಅಂತ ಬರೆಯಬಹುದು. ಜಕಾರಕ್ಕೂ ಹಾಗೇ ‘ಜ಼’ ಇದೆ. ಕೆಲವು ದನಿಗಳು ಆ ಚುಕ್ಕಿಯನ್ನು ಗಮನಿಸುತ್ತವೆ, ಕೆಲವು ಗಮನಿಸುವುದಿಲ್ಲ. ಒಂದು ವಾಕ್ಯದಲ್ಲಿ ಹಾಕಿ ಕೇಳಿದರೆ ಗೊತ್ತಾಗುತ್ತದೆ. ‘ಬ್ಯಾ’ಗೆ ಅಂಥ ಚುಕ್ಕಿಯೂ ಇಲ್ಲ. ಅಲ್ಲಿ ನನ್ನ ಮುಂದೆ ಎರಡೇ ದಾರಿ ಇರುತ್ತವೆ. ಒಂದು, ಬೇರೆ ಪದ ಹುಡುಕುವುದು. ‘ಲ್ಯಾಗ್ ಆಗುತ್ತದೆ’ ಬದಲು ‘ತಡವಾಗುತ್ತದೆ’ ಅಂದರೆ ಏನೂ ಕಳೆದುಹೋಗುವುದಿಲ್ಲ. ಇನ್ನೊಂದು, ಆ ಒಂದು ಪದವನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ, ಪ್ರತ್ಯಯ ಇಲ್ಲದೆ, ವಾಕ್ಯದ ಮೊದಲಲ್ಲಿ ಇಡುವುದು. ವಾಕ್ಯದ ಮೊದಲಲ್ಲಿದ್ದರೆ ಭಾಷೆ ಬದಲಿಸುವ ಬೆಸುಗೆ ಎರಡರ ಬದಲು ಒಂದೇ ಆಗುತ್ತದೆ.

ಯಂತ್ರ ಸರಿಯಾಗಿಯೇ ಓದಿದರೂ ಕಿವಿಗೆ ತಪ್ಪಾಗಿ ಬೀಳುವ ಪದಗಳೂ ಇವೆ. ಫೋನಿನ ಜಾಗ ಖಾಲಿ ಮಾಡುವ ವಿಡಿಯೋದಲ್ಲಿ ‘ಕ್ಯಾಶ್ ತೆಗೆದುಹಾಕಿ’ ಅಂತ ಬರೆದಿದ್ದೆ. ನಾನು ಹೇಳಿದ್ದು ಪರದೆಯ ಮೇಲೆ `Clear cache` ಅಂತ ಕಾಣುವ ಗುಂಡಿಯ ಬಗ್ಗೆ. ಪಕ್ಕದ ಮನೆಯ ಆಂಟಿ ನೋಡಿ, ‘ಕ್ಯಾಶ್ ಅಂದ್ರೆ ದುಡ್ಡಲ್ವೇನಮ್ಮಾ? ಫೋನ್ ಪೇದಲ್ಲಿರೋದು ಹೋಗ್ಬಿಡುತ್ತಾ?’ ಅಂತ ಗಾಬರಿಯಿಂದ ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಎರಡೂ ಪದಗಳ ಉಚ್ಚಾರ ಒಂದೇ. ಇಂಥ ಕಡೆ ಉಚ್ಚಾರ ತಿದ್ದಿ ಪ್ರಯೋಜನ ಇಲ್ಲ, ವಾಕ್ಯ ತಿದ್ದಬೇಕು. ಈಗ ‘ಆ್ಯಪ್ ಕೂಡಿಟ್ಟುಕೊಂಡ ಹಳೆಯ ಫೈಲುಗಳು, ಅಂದರೆ ಕ್ಯಾಶ್ ಮೆಮೊರಿ’ ಅಂತ ಮೊದಲ ಸಲ ಹೇಳಿಸುತ್ತೇನೆ. ಅದೇ ಹೊತ್ತಿಗೆ ಗುಂಡಿಯ ಇಂಗ್ಲಿಷ್ ಅಕ್ಷರ ಪರದೆಯಲ್ಲಿ ಕಾಣುವ ಹಾಗೆ ನೋಡಿಕೊಳ್ಳುತ್ತೇನೆ.

ಮೊಟಕು ಪದಗಳಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ‘ಎಪಿಐ’ ಅಂತ ಬರೆದರೆ ಯಂತ್ರ ಹ್ರಸ್ವವಾಗಿ, ‘ಎಪ್ಪಿ’ ಅನ್ನುವ ಹಾಗೆ ಓಡಿಸಿಬಿಡುತ್ತದೆ. ಚುಕ್ಕಿ ಇಟ್ಟು ‘ಎ.ಪಿ.ಐ.’ ಅಂದರೆ ಪ್ರತಿ ಚುಕ್ಕಿಗೂ ವಾಕ್ಯ ಮುಗಿದ ಹಾಗೆ ನಿಲ್ಲುತ್ತದೆ. ನಾವು ಬಾಯಲ್ಲಿ ಹೇಳುವುದು ‘ಏ ಪೀ ಐ’ ಅಂತ, ದೀರ್ಘದಲ್ಲಿ. ಹಾಗೇ ಬರೆದರೆ ಸರಿಯಾಗಿ ಬರುತ್ತದೆ. ಎಲ್ಲ ಮೊಟಕು ಪದಗಳನ್ನೂ ಹೀಗೆ ಬಿಡಿಸಬೇಡಿ. ರ‍್ಯಾಮ್, ಸಿಮ್, ಪಿನ್ ಇವುಗಳನ್ನು ಯಾರೂ ಅಕ್ಷರ ಬಿಡಿಸಿ ಹೇಳುವುದಿಲ್ಲ. ಎಚ್ ಅನ್ನುವ ಇಂಗ್ಲಿಷ್ ಅಕ್ಷರವನ್ನು ನಮ್ಮಲ್ಲಿ ‘ಎಚ್’ ಅನ್ನುವವರೂ ಇದ್ದಾರೆ, ‘ಹೆಚ್’ ಅನ್ನುವವರೂ ಇದ್ದಾರೆ. ಎರಡೂ ನಡೆಯುತ್ತದೆ. ಒಂದೇ ವಿಡಿಯೋದಲ್ಲಿ ಎರಡೂ ಬಂದರೆ ಮಾತ್ರ ಕಿವಿಗೆ ಚುಚ್ಚುತ್ತದೆ.

ಓಟ ಮತ್ತು ನಿಲುಗಡೆ

ಇಂಗ್ಲಿಷ್ ವಾಯ್ಸ್‌ಓವರಿನಲ್ಲಿ ನಿಮಿಷಕ್ಕೆ ಸುಮಾರು 150 ಪದ ಅಂತ ಲೆಕ್ಕ ಹಾಕುವ ರೂಢಿ ಇದೆ. ಅದನ್ನು ಕನ್ನಡಕ್ಕೆ ತಂದರೆ ಲೆಕ್ಕ ತಪ್ಪುತ್ತದೆ. ‘ಬದಲಾಯಿಸಿಕೊಳ್ಳಬೇಕಾಗುತ್ತದೆ’ ಒಂದೇ ಪದ. ಆದರೆ ಅದರಲ್ಲಿ 12 ಅಕ್ಷರ ಇವೆ. ಹಾಗಾಗಿ ನಾನು ಪದ ಎಣಿಸುವುದಿಲ್ಲ, ಬಾಯಲ್ಲಿ ಬರುವ ಅಕ್ಷರ ಎಣಿಸುತ್ತೇನೆ. ಏನನ್ನಾದರೂ ಮಾಡುತ್ತಾ ಕೇಳುವ ವಿಡಿಯೋಗೆ ಸೆಕೆಂಡಿಗೆ 5 ಅಕ್ಷರದ ಆಸುಪಾಸು ನನ್ನ ಕಿವಿಗೆ ಹಿತ. ಕತೆ ಹೇಳುವುದಾದರೆ ಇನ್ನೂ ಜಾಸ್ತಿ ಓಡಬಹುದು.

‘ಬ್ರೌಸರ್ ತೆರೆದು, ಮೇಲಿನ ವಿಳಾಸದ ಜಾಗದಲ್ಲಿ ಈ ನಂಬರ್ ಟೈಪ್ ಮಾಡಿ’ ಅನ್ನುವ ವಾಕ್ಯ ತೆಗೆದುಕೊಳ್ಳಿ. 9 ಪದ, 22 ಅಕ್ಷರ. ಪದದ ಲೆಕ್ಕದಲ್ಲಿ ಮೂರೂವರೆ ಸೆಕೆಂಡಿನಲ್ಲಿ ಮುಗಿಯಬೇಕು. ಅಕ್ಷರದ ಲೆಕ್ಕದಲ್ಲಿ ನಾಲ್ಕೂವರೆ ಸೆಕೆಂಡು ಬೇಕು. ಒಂದು ಸೆಕೆಂಡಿನ ವ್ಯತ್ಯಾಸ ಸಣ್ಣದು ಅನಿಸುತ್ತದೆ. 40 ವಾಕ್ಯ ಆಗುವಷ್ಟರಲ್ಲಿ ಚಿತ್ರ ಒಂದು ಕಡೆ, ದನಿ ಒಂದು ಕಡೆ ಆಗಿರುತ್ತದೆ.

ಎಲ್ಲಿ ನಿಲ್ಲಬೇಕು ಅನ್ನುವುದು ಇನ್ನೂ ಸೂಕ್ಷ್ಮ. ಕನ್ನಡ ವಾಕ್ಯದಲ್ಲಿ ‘ತೆರೆದು’, ‘ಹೋಗಿ’, ‘ಒತ್ತಿದರೆ’ ಇಂಥ ಪದ ಆದ ಮೇಲೆ ಉಸಿರು ತೆಗೆದುಕೊಳ್ಳುತ್ತೇವೆ. ಅಲ್ಲಿ ಅಲ್ಪವಿರಾಮ ಇಡಿ. ಆದರೆ ‘ಟೈಪ್ ಮಾಡಿ’, ‘ಕ್ಲಿಕ್ ಮಾಡಿ’, ‘ರೀಸ್ಟಾರ್ಟ್ ಆಗುತ್ತದೆ’ ಇವುಗಳ ನಡುವೆ ಎಂದೂ ನಿಲ್ಲುವುದಿಲ್ಲ. ಅವು ಎರಡು ಪದದಲ್ಲಿ ಬರೆದ ಒಂದೇ ಕ್ರಿಯಾಪದ. `click ಮಾಡಿ` ಅಂತ ಎರಡು ಲಿಪಿಯಲ್ಲಿ ಬರೆದರೆ ಯಂತ್ರ ಅಲ್ಲಿಯೇ ತಡೆಯುತ್ತದೆ. ‘ಕ್ಲಿಕ್’ ಅಂತ ಕನ್ನಡದಲ್ಲಿ ಬರೆದ ಕೂಡಲೇ ಆ ತಡೆ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅಲ್ಪವಿರಾಮಕ್ಕಿಂತ ಜಾಸ್ತಿ ಹಿಡಿತ ಬೇಕಾದಾಗ ಎಸ್‌ಎಸ್‌ಎಂಎಲ್ ಗುರುತುಗಳನ್ನು ಬಳಸಬಹುದು. ಬರಹದ ನಡುವೆ ‘ಇಲ್ಲಿ ಇಷ್ಟು ಹೊತ್ತು ನಿಲ್ಲು’, ‘ಇದನ್ನು ಹೀಗೆ ಓದು’ ಅಂತ ಯಂತ್ರಕ್ಕೆ ಹೇಳುವ ಗುರುತುಗಳು ಅವು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2004ರಲ್ಲಿ ಇದರ ಮೊದಲ ಆವೃತ್ತಿಯನ್ನು ಮಾನದಂಡವಾಗಿ ಪ್ರಕಟಿಸಿತು. ನನಗೆ ಮೂರೇ ಗುರುತು ಸಾಕಾಗುತ್ತವೆ. `break` ನಿಲ್ಲಿಸುತ್ತದೆ, `prosody` ಓಟ ಬದಲಿಸುತ್ತದೆ, `sub` ಪರದೆಯ ಬರಹ ಒಂದು, ಓದುವ ಬರಹ ಇನ್ನೊಂದು ಆಗುವ ಹಾಗೆ ಮಾಡುತ್ತದೆ. ಉಚ್ಚಾರವನ್ನು ದನಿಲಿಪಿಯಲ್ಲೇ ಬರೆಯುವ `phoneme` ಅನ್ನುವ ಗುರುತೂ ಇದೆ. ಆದರೆ ಕನ್ನಡ ದನಿಗಳಲ್ಲಿ ಅದು ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಕಾಗುಣಿತ ಬದಲಿಸಿ ಬರೆಯುವುದು ಎಲ್ಲ ಕಡೆ ಕೆಲಸ ಮಾಡುತ್ತದೆ. ಅದಕ್ಕೆ ನನ್ನ ಮೊದಲ ಆಯ್ಕೆ ಅದೇ.

ನನ್ನ ರೌಟರ್ ಸ್ಕ್ರಿಪ್ಟ್ ಕೊನೆಗೆ ಹೀಗಾಯಿತು:

```xml
<speak>
ಮೊದಲು ರೌಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗೋಣ.
ಬ್ರೌಸರ್ ತೆರೆದು, ಮೇಲಿನ ವಿಳಾಸದ ಜಾಗದಲ್ಲಿ ಈ ನಂಬರ್ ಟೈಪ್ ಮಾಡಿ.
<break time="500ms"/>
<prosody rate="85%">
<sub alias="ಒನ್ ನೈನ್ ಟೂ, ಡಾಟ್, ಒನ್ ಸಿಕ್ಸ್ ಎಯ್ಟ್,
ಡಾಟ್, ಒನ್, ಡಾಟ್, ಒನ್">192.168.1.1</sub>
</prosody>
<break time="1500ms"/>
ಅಲ್ಲಿ ಎರಡು ಬ್ಯಾಂಡ್ ಕಾಣಿಸುತ್ತವೆ.
ಮೊದಲನೆಯದು ಟೂ ಪಾಯಿಂಟ್ ಫೋರ್ ಗಿಗಾಹರ್ಟ್ಸ್.
ಎರಡನೆಯದು ಫೈವ್ ಗಿಗಾಹರ್ಟ್ಸ್.
<break time="600ms"/>
ಎರಡನೇ ಬ್ಯಾಂಡಿನಲ್ಲಿ, ಎಸ್ಸೆಸ್ಸೈಡಿ ಅನ್ನುವ ಹೆಸರನ್ನು ಬದಲಿಸಿ.
<break time="1000ms"/>
ಕೆಳಗೆ ಡಬ್ಲ್ಯೂ ಪೀ ಏ ತ್ರೀ ಆಯ್ಕೆಯನ್ನು ಆರಿಸಿ, ಸೇವ್ ಗುಂಡಿಯನ್ನು ಒತ್ತಿ.
<break time="600ms"/>
ಹತ್ತರಿಂದ ಹದಿನೈದು ಸೆಕೆಂಡಿನಲ್ಲಿ ರೌಟರ್ ರೀಸ್ಟಾರ್ಟ್ ಆಗುತ್ತದೆ.
</speak>
```

ನಾಲ್ಕು ಸಾಲು ಇದ್ದದ್ದು ಇಷ್ಟಾಯಿತು. ಒಂದೇ ವಾಕ್ಯದಲ್ಲಿ ಮೂರು ಕೆಲಸ ಹೇಳಿದ್ದನ್ನು ಒಡೆದಿದ್ದೇನೆ. ನಂಬರಿಗೆ ಮುಂಚೆ ಅರ್ಧ ಸೆಕೆಂಡು, ಆದ ಮೇಲೆ ಒಂದೂವರೆ ಸೆಕೆಂಡು ಬಿಟ್ಟಿದ್ದೇನೆ. ಮುಂಚಿನ ನಿಲುಗಡೆ ಕಿವಿ ತಯಾರಾಗಲು. ಆಮೇಲಿನದ್ದು ಬೆರಳು ಮುಗಿಸಲು. ಓಟವನ್ನು ನಂಬರಿಗೆ ಮಾತ್ರ ತಗ್ಗಿಸಿದ್ದೇನೆ. ಇಡೀ ಸ್ಕ್ರಿಪ್ಟಿಗೆ 85% ಹಾಕಿದರೆ ದನಿ ತೂಕಡಿಸುವ ಹಾಗೆ ಕೇಳುತ್ತದೆ. ಕೆಲವು ಕಡೆ ಇದನ್ನೇ `-15%` ಅಂತ ಬರೆಯಬೇಕಾಗುತ್ತದೆ. ಬರಹದಲ್ಲಿ `&` ಇದ್ದರೆ `&amp;` ಅಂತ ಬದಲಿಸಿ, ಇಲ್ಲದಿದ್ದರೆ ಇಡೀ ಫೈಲೇ ತಪ್ಪು ಅಂತ ಬರುತ್ತದೆ. ಗುರುತುಗಳನ್ನು ಒಪ್ಪದ ಯಂತ್ರವಾದರೆ ಈ `break` ಎಲ್ಲವನ್ನೂ ತೆಗೆದು, ವಾಕ್ಯಗಳನ್ನು ಬೇರೆ ಬೇರೆ ಫೈಲಾಗಿ ಮಾಡಿಸಿ, ಎಡಿಟ್ ಮಾಡುವಾಗ ನಡುವೆ ಮೌನ ಇಟ್ಟರಾಯಿತು.

ಈ ಸ್ಕ್ರಿಪ್ಟನ್ನು ಸಬ್‌ಟೈಟಲಿಗೆ ಹಾಕಬೇಡಿ. ‘ಡಬ್ಲ್ಯೂ ಪೀ ಏ ತ್ರೀ’ ಅಂತ ಪರದೆಯಲ್ಲಿ ಓದಿದವರಿಗೆ ರೌಟರಿನ ಪುಟದಲ್ಲಿ `WPA3` ಹುಡುಕುವುದು ಕಷ್ಟ. ಕಿವಿಗೆ ಒಂದು ಬರಹ, ಕಣ್ಣಿಗೆ ಇನ್ನೊಂದು ಬರಹ ಅಂತ ಎರಡು ಫೈಲು ಇಟ್ಟುಕೊಳ್ಳಿ.

ಕಿವಿಯಲ್ಲಿ ಪರೀಕ್ಷೆ

ಬರೆದವರು ಸ್ಕ್ರಿಪ್ಟ್ ನೋಡುತ್ತಾ ದನಿ ಕೇಳಿದರೆ ತಪ್ಪು ಕೇಳಿಸುವುದೇ ಇಲ್ಲ. ಕಣ್ಣು ಓದಿದ್ದನ್ನೇ ಕಿವಿ ನಂಬುತ್ತದೆ. ಅದಕ್ಕೆ ನಾನು ಅಪ್ಪನ ಕೈಗೆ ಒಂದು ಹಾಳೆ, ಪೆನ್ನು ಕೊಟ್ಟು, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ ಅಂದೆ. ನಂಬರನ್ನು ಅವರು ಚುಕ್ಕಿ ಸಮೇತ ಸರಿಯಾಗಿ ಬರೆದರು. ‘ಎಸ್ಸೆಸ್ಸೈಡಿ ಅನ್ನುವ ಹೆಸರು’ ಅಂತಲೂ ಬರೆದರು. ಕೊನೆಯ ಹತ್ತಿರ ಮಾತ್ರ ‘ಡಬ್ಲ್ಯೂಪಿ ಯಾತ್ರಿ ಆಯ್ಕೆ’ ಅಂತ ಇತ್ತು. ಮತ್ತೆ ಕೇಳಿದೆ. ಹೌದು, ‘ಪೀ ಏ ತ್ರೀ’ ಅನ್ನುವುದು ಓಟದಲ್ಲಿ ಕರಗಿ ‘ಪಿಯಾತ್ರಿ’ ಆಗಿತ್ತು. ನಾನು ಅದನ್ನು ಹತ್ತು ಸಲ ಕೇಳಿದ್ದೆ, ಒಮ್ಮೆಯೂ ಗಮನಿಸಿರಲಿಲ್ಲ.

‘ಡಬ್ಲ್ಯೂ ಪೀ ಏ, ತ್ರೀ’ ಅಂತ ಒಂದು ಅಲ್ಪವಿರಾಮ ಸೇರಿಸಿದೆ, ಸರಿಹೋಯಿತು. ಆದರೆ ಆ ಒಂದು ವಾಕ್ಯವನ್ನು ಮಾತ್ರ ಮತ್ತೆ ಮಾಡಿಸಿ ನಡುವೆ ಕೂರಿಸಿದಾಗ ದನಿಯ ಏರಿಳಿತ ಅಕ್ಕಪಕ್ಕದ ವಾಕ್ಯಗಳಿಗೆ ಹೊಂದಲಿಲ್ಲ. ಹೊಸ ದನಿಗಳು ಸುತ್ತಲಿನ ವಾಕ್ಯ ನೋಡಿಕೊಂಡು ರಾಗ ಹಿಡಿಯುತ್ತವೆ. ಒಂದೇ ಬರಹವನ್ನು ಎರಡು ಸಲ ಕೊಟ್ಟರೂ ಸ್ವಲ್ಪ ಬೇರೆಯಾಗಿ ಓದಬಹುದು. ಹಾಗಾಗಿ ತಿದ್ದಿದ ಮೇಲೆ ಆ ಇಡೀ ಪ್ಯಾರಾವನ್ನು ಮತ್ತೆ ಮಾಡಿಸುವುದು ಕ್ಷೇಮ.

ಹೊಸ ಪದ ಬಂದಾಗಲೆಲ್ಲ ಅದನ್ನು ನಾಲ್ಕು ರೂಪದಲ್ಲಿ ಓದಿಸಿ ಕೇಳುತ್ತೇನೆ. ರೌಟರ್, ರೌಟರಿನಲ್ಲಿ, ರೌಟರಿಗೆ, ರೌಟರನ್ನು. ಒಂಟಿಯಾಗಿ ಚೆನ್ನಾಗಿದ್ದ ಪದ ಮೂರರಲ್ಲಿ ಒಂದು ಬೆಸುಗೆಯಲ್ಲಿ ಕೆಡುವುದು ಮಾಮೂಲು. ಗೆದ್ದ ಕಾಗುಣಿತವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತೇನೆ. ಮೊದಲ ಕಾಲಮ್ಮಿನಲ್ಲಿ ಪರದೆಯ ಬರಹ, ಎರಡನೆಯದರಲ್ಲಿ ದನಿಗೆ ಕೊಡುವ ಬರಹ, ಮೂರನೆಯದರಲ್ಲಿ ಯಾವ ದನಿಯಲ್ಲಿ, ಯಾವ ದಿನ ಪರೀಕ್ಷಿಸಿದ್ದು ಅಂತ. ಆ ದಿನಾಂಕ ತುಂಬಾ ಬೇಕಾಗುತ್ತದೆ. ಕಂಪನಿಯವರು ದನಿಯ ಹೊಸ ಆವೃತ್ತಿ ತಂದಾಗ ನಿನ್ನೆ ಸರಿಯಾಗಿದ್ದ ‘ಏ ಪೀ ಐ’ ಇವತ್ತು ಎಳೆದಾಡಿದ ಹಾಗೆ ಕೇಳಬಹುದು. ಆಗ ಹಾಳೆಯ ಮೇಲಿನಿಂದ ಮತ್ತೆ ಒಂದೊಂದೇ ಪದ ಓದಿಸುತ್ತಾ ಬರುತ್ತೇನೆ.